ಸುರಗಿ ಹಾಗೇ ಉಳಿಯಿತು, ‘ಲಿಂ.’ ಇಂಗ್ಲಿಷಾಯಿತು

ಅನುವಾದಕ್ಕೆಂದು ನನಗೆ ವಾಟ್ಸಾಪಿನಲ್ಲಿ ಬಂದದ್ದು ನಡುವೆ ಮಡಿಕೆ ಬಿದ್ದ ಲಗ್ನಪತ್ರಿಕೆಯ ಫೋಟೊ. ಗಂಡಿನವರು ಕಮಲಾಪುರದವರು, ಹೆಣ್ಣಿನವರು ಕಲಬುರಗಿಯವರು. ಲಗ್ನ ಸೇಡಂ ರಸ್ತೆಯ ಕಲ್ಯಾಣ ಮಂಟಪದಲ್ಲಿ ಆಗಿ ಹೋಗಿತ್ತು. ಹುಡುಗ ಬ್ರಿಟನ್ನಿನಲ್ಲಿ ನೌಕರಿಗಿದ್ದಾನೆ. ಹೆಂಡತಿಯನ್ನು ಕರೆಸಿಕೊಳ್ಳಲು ವೀಸಾಕ್ಕೆ ಅರ್ಜಿ ಹಾಕಬೇಕು. ಅದಕ್ಕೆ ವಿವಾಹ ನೋಂದಣಿ ಪ್ರಮಾಣಪತ್ರವೇ ಮುಖ್ಯ, ಆದರೂ ಕಾರ್ಡು ಜೊತೆಗಿರಲಿ ಎಂಬುದು ಮನೆಯವರ ಆಸೆ. ಇಂಗ್ಲಿಷ್ ಅಥವಾ ವೆಲ್ಷ್ ಭಾಷೆಯಲ್ಲಿಲ್ಲದ ಯಾವ ದಾಖಲೆಯನ್ನು ಕೊಟ್ಟರೂ ಬ್ರಿಟನ್ ಅದರ ಪೂರ್ತಿ ಅನುವಾದ ಕೇಳುತ್ತದೆ. ‘ಮುಖ್ಯವಾದಷ್ಟೇ ಬರೆದುಕೊಡ್ರಿ’ ಅಂದರೆ ನಡೆಯುವುದಿಲ್ಲ.

ಮೊದಲ ತೊಡಕು ಭಾಷೆಯದಲ್ಲ, ಫೋಟೊದ್ದು. ಚಿನ್ನದ ಬಣ್ಣದ ಅಕ್ಷರದ ಮೇಲೆ ಟ್ಯೂಬ್‌ಲೈಟ್ ಹೊಳೆದು ದಿನಾಂಕದ ಮೊದಲ ಅಂಕಿ ಅಳಿಸಿದಂತೆ ಕಾಣುತ್ತಿತ್ತು. ಕನ್ನಡ ಅಂಕಿ ಬೇರೆ. ‘೨’ ಮತ್ತು ‘೩’ ಮಸುಕಾದರೆ ಒಂದೇ. ಏಪ್ರಿಲ್ 20ನೋ, 30ನೋ? ಇಂಥಲ್ಲಿ ಊಹೆ ಮಾಡಬಾರದು, ಕಾರ್ಡನ್ನೇ ಕೇಳಬೇಕು. ಮೇಲಿನ ಸಾಲಿನಲ್ಲಿ ‘ಶಾಲಿವಾಹನ ಶಕೆ 1947, ವಿಶ್ವಾವಸು ಸಂವತ್ಸರ, ವೈಶಾಖ ಶುದ್ಧ ತೃತೀಯಾ, ಬುಧವಾರ’ ಎಂದಿತ್ತು. ಶಕೆಗೆ 78 ಕೂಡಿಸಿದರೆ 2025. ಆ ವರ್ಷದ ಏಪ್ರಿಲ್ 20 ಭಾನುವಾರ, 30 ಬುಧವಾರ. ವೈಶಾಖ ಶುದ್ಧ ತೃತೀಯಾ ಅಂದರೆ ಅಕ್ಷಯ ತೃತೀಯ, ಬಸವ ಜಯಂತಿಯೂ ಅಂದೇ. ಸಂದೇಹ ಹರಿಯಿತು. ಅಲ್ಲಿ 20 ಎಂದು ಬರೆದಿದ್ದರೆ ನೋಂದಣಿ ಪತ್ರದ ದಿನಾಂಕಕ್ಕೂ ಕಾರ್ಡಿನ ದಿನಾಂಕಕ್ಕೂ ತಾಳೆಯಾಗದೆ, ನೆರವಿಗೆ ಇಟ್ಟ ಕಾಗದವೇ ಸಂಶಯಕ್ಕೆ ದಾರಿಯಾಗುತ್ತಿತ್ತು.

ಆಮೇಲೆ ಶಬ್ದಗಳ ಸರದಿ. ನಾನು ಇಟ್ಟುಕೊಂಡ ಅಳತೆ ಒಂದೇ: ಶಬ್ದ ಅರ್ಥವಾಗದಿದ್ದರೆ ಓದುವ ಅಧಿಕಾರಿ ವ್ಯಕ್ತಿ, ಸಂಬಂಧ, ಹೊತ್ತು, ಜಾಗದ ಬಗ್ಗೆ ತಪ್ಪು ತಿಳಿಯುತ್ತಾನೆಯೇ? ತಿಳಿಯುತ್ತಾನೆಂದರೆ ಅದು ಇಂಗ್ಲಿಷಿಗೆ ಬರಲೇಬೇಕು. ಇಲ್ಲವೆಂದರೆ ಹೆಸರು ಹೆಸರಾಗಿಯೇ ಇರಲಿ.

ಈ ಅಳತೆಗೆ ಮೊದಲು ಸಿಕ್ಕಿದ್ದು ಆಚರಣೆಯೇ ಅಲ್ಲ, ಹುಡುಗನ ತಂದೆಯ ಹೆಸರಿನ ಹಿಂದಿದ್ದ ‘ಲಿಂ.’ ಅದನ್ನು ಹಾಗೇ ಇಂಗ್ಲಿಷ್ ಲಿಪಿಗೆ ಇಳಿಸಿದರೆ ಇನಿಷಿಯಲ್ ಅನ್ನಿಸುತ್ತದೆ. ಅದು ಲಿಂಗೈಕ್ಯ, ಅಂದರೆ ತಂದೆ ತೀರಿಕೊಂಡಿದ್ದಾರೆ. ಅರ್ಜಿಯಲ್ಲಿ ಹಾಗೇ ಬರೆದಿರುವಾಗ ಕಾರ್ಡೂ ಅದನ್ನೇ ಹೇಳಬೇಕು, ಆದ್ದರಿಂದ ‘ದಿವಂಗತ’ ಎಂಬರ್ಥದ ಇಂಗ್ಲಿಷ್ ಮಾತು ಅಲ್ಲಿ ಕೂತಿತು. ‘ಚಿ.’ ಕೂಡ ಹೆಸರಿನ ಭಾಗವಲ್ಲ, ಅದನ್ನು ಬಿಡಿಸಿ ಬರೆದು ಆಶೀರ್ವಾದದ ಮಾತೆಂದು ಚೌಕ ಕಂಸದಲ್ಲಿ ಹೇಳಿದೆ. ‘ಸಾ||’ ನಮಗೆ ಉರ್ದು ಕಾಗದಪತ್ರಗಳ ಕಾಲದಿಂದ ಬಂದ ಸಾಕಿನ್, ಅಂದರೆ ವಾಸ. ಅದು ನೇರವಾಗಿ ಇಂಗ್ಲಿಷಾಯಿತು. ಕೆಳಗೆ ಸುಖಾಗಮನ ಬಯಸುವವರಲ್ಲಿ ಕಾಕಾ, ಸೋದರಮಾವ ಇಬ್ಬರೂ ಇದ್ದರು. ಇಬ್ಬರನ್ನೂ ‘ಅಂಕಲ್’ ಮಾಡಿದರೆ ತಂದೆಯ ಕಡೆಯವರು ಯಾರು, ತಾಯಿಯ ಕಡೆಯವರು ಯಾರು ಎಂಬುದೇ ಹೋಗುತ್ತದೆ.

‘ಲಗ್ನ’ ಕಾರ್ಡಿನಲ್ಲಿ ಎರಡು ಕಡೆ ಬಂದಿತ್ತು. ತಲೆಬರಹದಲ್ಲಿ ಅದು ಮದುವೆ. ‘ಮಧ್ಯಾಹ್ನ 12-26ಕ್ಕೆ ಕರ್ಕ ಲಗ್ನದಲ್ಲಿ’ ಎಂಬಲ್ಲಿ ಆ ಹೊತ್ತಿಗೆ ಪೂರ್ವದಲ್ಲಿ ಮೂಡುವ ರಾಶಿ. ಎರಡನ್ನೂ ಮದುವೆ ಎಂದರೆ ವಾಕ್ಯವೇ ನಗೆಪಾಟಲು.

ಆಚರಣೆಗಳಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಸುರಗಿ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಅವಕ್ಕೆ ದಾರ ಸುತ್ತಿ, ಒಳಗೆ ಕೂರಿಸಿ ನೀರು ಹಾಕುವ ಶಾಸ್ತ್ರ ನಮ್ಮ ಕಡೆಯವರಿಗೆ ಗೊತ್ತು. ಬರೀ ‘ಸ್ನಾನ’ ಅಂದರೆ ಸುಳ್ಳಲ್ಲ, ಆದರೆ ಕಾರ್ಡಿನಲ್ಲಿ ಸ್ನಾನಕ್ಕೆ ಹೊತ್ತು ಯಾಕೆ ಕೊಟ್ಟಿದ್ದಾರೆಂದು ಓದುವವನಿಗೆ ವಿಚಿತ್ರವೆನಿಸುತ್ತದೆ. ಹಾಗಂತ ತಂಬಿಗೆ-ದಾರದ ಕಥೆಯೂ ವೀಸಾ ಅಧಿಕಾರಿಗೆ ಬೇಕಿಲ್ಲ. ಹೆಸರನ್ನು ಹಾಗೇ ಉಳಿಸಿ, ‘ಮದುವೆಗೆ ಮುಂಚಿನ ಶಾಸ್ತ್ರೋಕ್ತ ಸ್ನಾನ’ ಎಂಬಷ್ಟನ್ನು ಕಂಸದಲ್ಲಿಟ್ಟೆ. ಅಕ್ಷತೆಗೆ ಮಾತ್ರ ಪೂರ್ತಿ ವಿವರಣೆ ಬೇಕಾಯಿತು, ಏಕೆಂದರೆ ನಮ್ಮ ಮಂದಿ ಮದುವೆ ಮುಗಿಯಿತು ಅನ್ನುವುದೇ ಅಕ್ಕಿಕಾಳು ಬಿದ್ದ ಮೇಲೆ. 12-26 ಅದರ ಹೊತ್ತು ಎಂದು ತಿಳಿಯದಿದ್ದರೆ ಕಾರ್ಡಿನಲ್ಲಿರುವ ಹಲವು ವೇಳೆಗಳಲ್ಲಿ ಮದುವೆಯದು ಯಾವುದೆಂದೇ ಗೊತ್ತಾಗದು. ಇದೇ ಕಾರ್ಡನ್ನು ಪರದೇಶದಲ್ಲಿ ಬೆಳೆದ ಮೊಮ್ಮಕ್ಕಳಿಗೆ ಮಾಡಿಕೊಡುವುದಿದ್ದರೆ ಲೆಕ್ಕ ತಿರುಗುಮುರುಗು: ಶಕೆಯನ್ನು ಮುಟ್ಟದೆ ಬಿಟ್ಟು, ಸುರಗಿಗೆ ಇಡೀ ಪ್ಯಾರಾ ಕೊಡುತ್ತಿದ್ದೆ.

ಹೆಸರುಗಳ ಸ್ಪೆಲ್ಲಿಂಗ್ ಅನುವಾದಕನ ಕೈಯಲ್ಲಿಲ್ಲ; ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ. ಪಾಸ್‌ಪೋರ್ಟಿನಲ್ಲಿ ಗುಲ್ಬರ್ಗ, ಕಾರ್ಡಿನಲ್ಲಿ ಕಲಬುರಗಿ ಇದ್ದರೆ 2014ರಲ್ಲಿ ಊರಿನ ಹೆಸರು ಬದಲಾಯಿತೆಂದು ಒಂದು ಸಾಲಿನ ಟಿಪ್ಪಣಿ ಹಾಕಬೇಕು. ಓದಲಾಗದ ಜಾಗವನ್ನು ಓದಲಾಗದೆಂದೇ ಗುರುತಿಸಬೇಕು. ಕೊನೆಗೆ ಅನುವಾದ ಮೂಲಕ್ಕೆ ಸರಿಯಾಗಿದೆ ಎಂಬ ಹೇಳಿಕೆ, ತಾರೀಖು, ಅನುವಾದಕನ ಪೂರ್ಣ ಹೆಸರು, ಸಹಿ, ಸಂಪರ್ಕ ವಿವರ ಇರಲೇಬೇಕು.

ಕಾರ್ಡು ಕಳಿಸುವವರಿಗೆ ಒಂದು ಮಾತು: ಹಗಲು ಬೆಳಕಿನಲ್ಲಿ, ಕಾರ್ಡನ್ನು ಸಪಾಟಾಗಿಟ್ಟು, ಎರಡೂ ಮಗ್ಗುಲು ಫೋಟೊ ತೆಗೆಯಿರಿ. ಜೊತೆಗೆ ಇಬ್ಬರ ಪಾಸ್‌ಪೋರ್ಟಿನ ಹೆಸರಿನ ಪುಟವನ್ನೂ ಕಳಿಸಿರಿ.