ದಿನದ ಕೊನೆಯ ಹದಿನೈದು ನಿಮಿಷ

ಶಾಲೆಯಿಂದ ಬಂದ ಮಗುವನ್ನು "ಇವತ್ತು ಏನು ಕಲಿತೆ?" ಎಂದು ಕೇಳಿದರೆ "ಏನೂ ಇಲ್ಲ" ಎಂಬ ಉತ್ತರ ಬರುವುದು ಪುಣೆಯ ಕನ್ನಡಿಗರ ಮನೆಗಳಲ್ಲಿ ಹೊಸ ಸಂಗತಿಯೇನಲ್ಲ. ಮಗು ಏನೂ ಕಲಿತಿಲ್ಲವೆಂದು ಇದರ ಅರ್ಥವಲ್ಲ. ಇಡೀ ದಿನವನ್ನು ಒಂದು ಮಾತಿನಲ್ಲಿ ಹೇಳೆಂದರೆ ಏಳು ವರ್ಷದ ಕೂಸಿಗೆ ಎಲ್ಲಿಂದ ಆರಂಭಿಸಬೇಕೆಂಬುದೇ ತೋಚದು. ಮೇಲಾಗಿ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಕೇಳಿದ್ದನ್ನು ಅದು ಕನ್ನಡದಲ್ಲಿ ಹೇಳಬೇಕು. ಈ ತೊಡಕನ್ನು ಸಡಿಲಿಸಲು ಕೆಲವು ಪ್ರಾಥಮಿಕ ಶಾಲೆಗಳಲ್ಲಿ ಒಂದು ಪದ್ಧತಿಯುಂಟು. ಮನೆಗೆ ಹೊರಡುವ ಮುನ್ನ ಮಕ್ಕಳು ದುಂಡಗೆ ಕುಳಿತು, ತಮಗೆ ಹಿಡಿಸಿದ್ದನ್ನೂ ತಾವು ಕಲಿತದ್ದನ್ನೂ ಹೇಳುತ್ತಾರೆ.

ಇದರ ಬೇರು ಹಳೆಯದು. 1962ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಊರಿನಲ್ಲಿ ಡೇವಿಡ್ ವೈಕಾರ್ಟ್ ಮತ್ತು ಅವರ ಸಂಗಡಿಗರು ಬಡಮಕ್ಕಳಿಗಾಗಿ ಒಂದು ಶಿಶುಶಾಲೆಯನ್ನು ಆರಂಭಿಸಿದರು. ಆ ಪ್ರಯತ್ನದಿಂದ ಬೆಳೆದ ಬೋಧನಾಕ್ರಮದಲ್ಲಿ ಮಗು ಮೊದಲು ತಾನೇನು ಮಾಡುವೆನೆಂದು ಹೇಳಿ, ಬಳಿಕ ಮಾಡಿ, ಕೊನೆಗೆ ಮಾಡಿದ್ದನ್ನು ನೆನೆದು ಹೇಳಬೇಕು. ಅಲ್ಲಿ ಮೆಲುಕು ಹಾಕುವುದು ಕೆಲಸದ ಬೆನ್ನಿಗೇ ನಡೆಯುತ್ತದೆ. ದಿನದ ಕೊನೆಯ ವರ್ತುಲ ಅದರ ಹತ್ತಿರದ ಬಂಧು.

ಕ್ರಮ ಹೇಗೆ? ತರಗತಿಯಲ್ಲಿ 36 ಮಕ್ಕಳಿದ್ದು 15 ನಿಮಿಷ ದೊರೆತರೆ ಒಬ್ಬೊಬ್ಬರ ಪಾಲಿಗೆ 25 ಸೆಕೆಂಡು ಮಾತ್ರ. ಎಲ್ಲರನ್ನೂ ಮಾತನಾಡಿಸ ಹೊರಟರೆ ಅದು ಹಾಜರಿ ಕೂಗಿದಂತಾಗುತ್ತದೆ. ಆದುದರಿಂದ ಮೊದಲು ಇಬ್ಬಿಬ್ಬರು ತಮ್ಮತಮ್ಮೊಳಗೆ ಎರಡು ನಿಮಿಷ ಮಾತನಾಡಲಿ. ಅನಂತರ ದಿನಕ್ಕೆ ಆರು ಮಂದಿ ಎಲ್ಲರೆದುರು ಹೇಳಲಿ; ಆರು ಶಾಲಾದಿನಗಳಲ್ಲಿ ಸರದಿ ಮುಗಿಯುತ್ತದೆ. ಪ್ರಶ್ನೆಗಳು ಮೂರೇ ಸಾಕು: ಇಂದು ಯಾವ ಕೆಲಸ ನಿನಗೆ ಹಿಡಿಸಿತು? ಬೆಳಿಗ್ಗೆ ತಿಳಿಯದಿದ್ದ ಯಾವ ವಿಷಯ ಈಗ ತಿಳಿದಿದೆ? ಇನ್ನೂ ಯಾವುದು ಅರ್ಥವಾಗಿಲ್ಲ? ಮೊದಲನೆಯದು ಬಾಯಿ ಬಿಡಿಸುತ್ತದೆ. ಉಪಾಧ್ಯಾಯರಿಗೆ ನಿಜವಾದ ಸುದ್ದಿ ಸಿಗುವುದು ಉಳಿದೆರಡರಿಂದ.

ಪ್ರಶ್ನೆ ಕೇಳಿದ ಮೇಲೆ ಕಾಯುವುದು ಕಷ್ಟದ ಕೆಲಸ. ತರಗತಿಯ ಮಾತುಕತೆಯನ್ನು ಧ್ವನಿಮುದ್ರಿಸಿ ಪರೀಕ್ಷಿಸಿದ ಅಮೆರಿಕದ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತೋರಿಸಿಕೊಟ್ಟ ಸಂಗತಿಯಿದು: ಉಪಾಧ್ಯಾಯರು ಸಾಮಾನ್ಯವಾಗಿ ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹಿಂದೆ ಸುಮ್ಮನಿರುತ್ತಿದ್ದ ಮಕ್ಕಳೂ ಮಾತನಾಡತೊಡಗಿದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಬೇರೆ ಭಾಷೆ ಇರುವ ಮಗುವಿಗೆ ಈ ಬಿಡುವು ಇನ್ನೂ ಅಗತ್ಯ. ಮಗು ಮಾತು ಹುಡುಕುತ್ತಿರುವಾಗಲೇ ಸರದಿ ಮುಂದಕ್ಕೆ ಹೋದರೆ ಅದರ ಮೌನವನ್ನು ದಡ್ಡತನವೆಂದು ಎಣಿಸುವ ಅಪಾಯವಿದೆ. ಜೊತೆಗಾರನೊಡನೆ ತನಗೆ ಬಂದ ಭಾಷೆಯಲ್ಲಿ ಮೊದಲು ಹೇಳಿಕೊಂಡ ಮಗು ಎಲ್ಲರೆದುರು ಅಷ್ಟು ತಡವರಿಸುವುದಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಎರಡನೆಯ ತರಗತಿಯಲ್ಲಿ ಅಂದು ಕಳೆಯುವ ಲೆಕ್ಕ ನಡೆದಿದೆ. "ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಕಲಿತೆ" ಎನ್ನುತ್ತಾಳೆ ಹುಡುಗಿಯೊಬ್ಬಳು. ಕೇಳಲು ಸರಿಯಾದ ಮಾತು. ಆದರೆ ಅವಳ ಪಾಟಿಯಲ್ಲಿ 52ರಿಂದ 27 ಕಳೆದರೆ 35 ಎಂದಿದೆ. ಬಿಡಿಯ ಸ್ಥಾನದಲ್ಲಿ 2ರಿಂದ 7 ಹೋಗದೆಂದು ಅವಳು 7ರಿಂದಲೇ 2 ಕಳೆದಿದ್ದಾಳೆ. ಸರಿಯುತ್ತರ 25. ಬರೀ ತಪ್ಪುಗುರುತು ಹಾಕಿದ್ದರೆ ಅದು ಅಜಾಗರೂಕತೆಯೆಂದು ಕಾಣುತ್ತಿತ್ತು. ಅವಳ ಮಾತಿನಿಂದ ಅದು ತಪ್ಪಾಗಿ ಮನಸ್ಸಿನಲ್ಲಿ ಕುಳಿತ ನಿಯಮವೆಂದು ತಿಳಿಯಿತು. ಉಪಾಧ್ಯಾಯಿನಿ ಅಲ್ಲಿಯೇ ತಿದ್ದಬಾರದು. ತಿದ್ದಿದರೆ ನಾಳೆ ಯಾರೂ ಬಾಯಿ ತೆರೆಯರು. ಗುರುತು ಮಾಡಿಕೊಂಡು, ಮರುದಿನ ಹತ್ತು ಕಡ್ಡಿಗಳ ಒಂದು ಕಟ್ಟನ್ನು ಅವಳ ಕೈಯಿಂದಲೇ ಬಿಚ್ಚಿಸಿ 12ರಿಂದ 7 ಕಳೆಸಿದರೆ ಸಾಕು.

ಪದ್ಧತಿ ಕೆಟ್ಟಿದೆಯೆಂದು ತಿಳಿಯುವುದು ಸುಲಭ. ಆರು ಮಕ್ಕಳೂ "ಆಟ ಹಿಡಿಸಿತು, ಗಣಿತ ಕಲಿತೆ" ಎಂದು ಒಂದೇ ಪಾಠ ಒಪ್ಪಿಸುತ್ತಿದ್ದರೆ, ಅವರು ಉಪಾಧ್ಯಾಯರನ್ನು ಮೆಚ್ಚಿಸುತ್ತಿದ್ದಾರೆಂದೇ ಅರ್ಥ. ಆಗ "ಗಣಿತದಲ್ಲಿ ಯಾವ ಲೆಕ್ಕ? ಮಾಡಿ ತೋರಿಸು" ಎಂದು ಪ್ರಶ್ನೆಯನ್ನು ಕಿರಿದುಗೊಳಿಸಬೇಕು. ಮಾತನಾಡಲು ಇಷ್ಟವಿಲ್ಲದ ಮಗುವಿಗೆ "ಇವತ್ತು ಬೇಡ" ಎನ್ನುವ ಸ್ವಾತಂತ್ರ್ಯವಿರಲಿ. ಮನೆಯ ದುಃಖವನ್ನು ಮಗು ಅಕಸ್ಮಾತ್ ಹೊರಹಾಕಿದರೆ ಅದನ್ನು ಎಲ್ಲರೆದುರು ಕೆದಕದೆ, ಆಮೇಲೆ ಏಕಾಂತದಲ್ಲಿ ಕೇಳಬೇಕು.

ತಂದೆತಾಯಂದಿರು ಇದೇ ಪ್ರಶ್ನೆಗಳನ್ನು ರಾತ್ರಿಯ ಊಟದ ಹೊತ್ತಿಗೆ ಕನ್ನಡದಲ್ಲಿ ಕೇಳಬಹುದು. ಆದರೆ ಒಂದು ದಿನಕ್ಕೆ ಒಂದೇ ಪ್ರಶ್ನೆ, ಮತ್ತು ಕೇಳಿದ ಮೇಲೆ ಮನಸ್ಸಿನಲ್ಲಿಯೇ ಮೂರರವರೆಗೆ ಎಣಿಕೆ. "ವಜಾಬಾಕಿ" ಎಂದು ಮಗು ಮರಾಠಿಯಲ್ಲಿ ಹೇಳಿದರೆ ತಡೆಯದೆ ಮಾತು ಪೂರ್ತಿಯಾಗಲು ಬಿಡಿ. "ಓಹೋ, ಕಳೆಯುವ ಲೆಕ್ಕವೋ?" ಎಂದು ತಾಯಿ ಮರುನುಡಿದರೆ ಕನ್ನಡದ ಮಾತೂ ಆ ಲೆಕ್ಕದ ಜೊತೆಗೇ ಮಗುವಿನ ಕಿವಿಗೆ ಬೀಳುತ್ತದೆ.