ಬಾಕಿ ಬಿಲ್ಲು ಕೇಳೋದು ಹೇಗೆ?

ಮನೆಯಿಂದಲೇ ಅನುವಾದ ಮಾಡುವ ಗೆಳತಿಯ ಬಿಲ್ಲಿನ ಗಡುವು ಮುಗಿದು 12 ದಿನವಾಗಿತ್ತು. ‘ಕ್ಷಮಿಸಿ ಸರ್, ಬಾಕಿ ಹಣ ಸ್ವಲ್ಪ ನೋಡಿ’ ಅಂತ ಬರೆದಿದ್ದಳು. ಯಾವ ಬಿಲ್ಲು, ಎಷ್ಟು ಹಣ? ಅಕೌಂಟ್ಸ್‌ನವರಿಗೆ ಗೊತ್ತಾಗೋದಾದರೂ ಹೇಗೆ? ಇಬ್ಬರೂ ಕೂತು ತಿದ್ದಿದೆವು:

‘ನಮಸ್ಕಾರ ಸರ್. ಜೂನ್ 5ರ ಬಿಲ್ ನಂ. 14ರ ಮೊತ್ತ 60,000 ರೂ. ಶೇ. 10 ಟಿಡಿಎಸ್ 6,000 ಕಳೆದು ನನ್ನ ಖಾತೆಗೆ ಬರಬೇಕಾದ್ದು 54,000 ರೂ. ಗಡುವು ಜುಲೈ 5ಕ್ಕೆ ಮುಗಿದಿದೆ. ದಯವಿಟ್ಟು ಈ ಶುಕ್ರವಾರದೊಳಗೆ ಪಾವತಿಸಿ. ಬಿಲ್ಲನ್ನು ಮತ್ತೆ ಲಗತ್ತಿಸಿದ್ದೇನೆ. ತಕರಾರಿದ್ದರೆ ಇವತ್ತೇ ತಿಳಿಸಿ.’

‘ಕ್ಷಮಿಸಿ’ ತೆಗೆದೆವು, ತಪ್ಪು ಅವಳದಲ್ಲವಲ್ಲ! ಟಿಡಿಎಸ್ ಬರೆಯದಿದ್ದರೆ, 54,000 ಬಂದಾಗ ಉಳಿದದ್ದೆಲ್ಲಿ ಅಂತ ಮತ್ತೆ ಜಗ್ಗಾಟ. ಆ 6,000 ಅವಳ ಪ್ಯಾನ್‌ಗೆ ಜಮೆಯಾಯಿತಾ ಅಂತ ಆಮೇಲೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿಕೊಳ್ಳಬೇಕು.