ಮುಚ್ಚಳ ತೆರೆದಿತ್ತು, ಟ್ಯಾಬ್ಲೆಟ್ ಕರಗಿರಲಿಲ್ಲ

ಡಿಶ್‌ವಾಷರ್ ಒಂದೇ ನೀರಿನಲ್ಲಿ ಪಾತ್ರೆ ತೊಳೆಯುವುದಿಲ್ಲ. ಮೊದಲು ತಣ್ಣೀರು ಎಳೆದುಕೊಂಡು ಅಂಟಿದ ಅನ್ನದಗುಳು, ಸಾರಿನ ಜಿಡ್ಡನ್ನು ಸಡಿಲಿಸಿ ಆ ನೀರನ್ನು ಹೊರಗೆ ಚೆಲ್ಲುತ್ತದೆ. ಎರಡನೆಯ ನೀರನ್ನು ಐವತ್ತು ಅರವತ್ತು ಡಿಗ್ರಿಗೆ ಕಾಯಿಸಿಕೊಂಡು ನಿಜವಾದ ತೊಳೆತ ಶುರುಮಾಡುತ್ತದೆ. ಆಮೇಲಿನ ನೀರೆಲ್ಲ ಬರೀ ಜಾಲಿಸುವುದಕ್ಕೆ. ಸೋಪಿಗೆ ಕೆಲಸವಿರುವುದು ಆ ಎರಡನೆಯ ನೀರಿನಲ್ಲಿ ಮಾತ್ರ. ಅಲ್ಲಿಯವರೆಗೆ ಟ್ಯಾಬ್ಲೆಟ್ ಒಣಗಿರಲಿ ಎಂದೇ ಬಾಗಿಲಿನ ಒಳಮೈಯಲ್ಲಿ ಅದಕ್ಕೊಂದು ಪುಟ್ಟ ಗೂಡು, ಗೂಡಿಗೊಂದು ಸ್ಪ್ರಿಂಗ್ ಮುಚ್ಚಳ.

ಈ ಮುಚ್ಚಳ ಸಮಯಕ್ಕೆ ತೆರೆಯದಿದ್ದರೆ ಏನಾಗುತ್ತದೆ ಎಂಬುದು ಅದು ಎಷ್ಟು ತಡಮಾಡಿತು ಎಂಬುದರ ಮೇಲಿದೆ. ತೆರೆಯಲೇ ಇಲ್ಲವೆಂದರೆ ಟ್ಯಾಬ್ಲೆಟ್ ಇಟ್ಟ ಹಾಗೇ ಇರುತ್ತದೆ, ಪಾತ್ರೆಗಳು ಬಿಸಿನೀರಿನಲ್ಲಿ ಅದ್ದಿ ತೆಗೆದಂತೆ ಜಿಡ್ಡುಜಿಡ್ಡಾಗಿರುತ್ತವೆ. ಅರ್ಧ ತೆರೆದು ತಡವಾಗಿ ಬಿದ್ದರೆ ಇನ್ನೂ ಕಿರಿಕಿರಿ: ಟ್ಯಾಬ್ಲೆಟ್ ಜಾಲಿಸುವ ನೀರಿನಲ್ಲಿ ಕರಗಲು ಶುರುವಾಗಿ, ಆ ನೀರೇ ತಟ್ಟೆ ಲೋಟಗಳ ಮೇಲೆ ಒಣಗುತ್ತದೆ. ಬೆರಳಿಗೆ ಜಾರುವ ಆ ಬಿಳಿ ಪದರ ಕ್ಷಾರ. ಒರೆಸಿ ಬಳಸುವಂಥದ್ದಲ್ಲ, ಪಾತ್ರೆಗಳನ್ನು ಮತ್ತೊಮ್ಮೆ ನೀರಿನಲ್ಲಿ ಜಾಲಿಸಲೇಬೇಕು.

ಇಂಥ ದೂರು ಬಂದಾಗ ಮೊದಲು ಸಂಶಯ ಹೋಗುವುದು ಮುಚ್ಚಳದ ಕೊಕ್ಕೆಯ ಮೇಲೆ, ಇಲ್ಲವೇ ಟ್ಯಾಬ್ಲೆಟ್ಟಿನ ಕಂಪನಿಯ ಮೇಲೆ. ಆದರೆ ಅನೇಕ ಸಲ ತಪ್ಪು ಕೆಳಗಿನ ಬುಟ್ಟಿಯ ಮುಂದಿನ ಸಾಲಿನಲ್ಲಿರುತ್ತದೆ. ಬಾಗಿಲು ಮುಚ್ಚಿದಾಗ ಮುಚ್ಚಳಕ್ಕೂ ಬುಟ್ಟಿಗೂ ನಡುವೆ ಉಳಿಯುವ ಜಾಗ ತೀರ ಕಡಿಮೆ. ಅಲ್ಲಿ ಎತ್ತರದ ತಟ್ಟೆಯೋ ಬಾಣಲೆಯ ಹಿಡಿಯೋ ಬಾಗಿಲಿನ ಕಡೆಗೆ ವಾಲಿಕೊಂಡಿದ್ದರೆ, ಕೊಕ್ಕೆ ಬಿಟ್ಟರೂ ಮುಚ್ಚಳಕ್ಕೆ ಮೇಲೇಳಲು ಎಡೆಯಿಲ್ಲ. ಇದರಲ್ಲೊಂದು ಮೋಸವೂ ಇದೆ. ಎಲ್ಲ ಮುಗಿದು ನೀವು ಬಾಗಿಲು ಎಳೆದ ಕ್ಷಣ ಮುಚ್ಚಳ ಪಾತ್ರೆಯಿಂದ ದೂರ ಸರಿಯುತ್ತದೆ, ಅಲ್ಲಿಯವರೆಗೆ ಅದುಮಿಟ್ಟುಕೊಂಡಿದ್ದ ಸ್ಪ್ರಿಂಗ್ ಟಕ್ ಎಂದು ಅದನ್ನು ತೆರೆಯುತ್ತದೆ. ಬಾಗಿಲು ಪೂರ್ತಿ ಇಳಿಯುವ ಹೊತ್ತಿಗೆ ಮುಚ್ಚಳ ಸರಿಯಾಗಿಯೇ ತೆರೆದಿದೆ! ನೋಡಿದವರು ಸಹಜವಾಗಿ ಟ್ಯಾಬ್ಲೆಟ್ಟನ್ನು ಬೈಯುತ್ತಾರೆ.

ಮೈಸೂರಿನ ಪರಿಚಿತರೊಬ್ಬರ ಮನೆಯಲ್ಲಿ ನಡೆದದ್ದೂ ಇದೇ. ವಾರದಲ್ಲಿ ಕೆಲವು ದಿನ ಪಾತ್ರೆ ಫಳಫಳ, ಕೆಲವು ದಿನ ಪುಡಿಪುಡಿ. ಟ್ಯಾಬ್ಲೆಟ್ ಬದಲಾಯಿಸಿದರು, ಬೋರ್‌ವೆಲ್ ನೀರಿನ ಗಡಸುತನವೆಂದು ಉಪ್ಪು ತುಂಬಿಸಿದರು. ಕೊನೆಗೆ ಬಂದ ಮೆಕ್ಯಾನಿಕ್ ಡಿಸ್ಪೆನ್ಸರನ್ನೇ ಬದಲಿಸಬೇಕು ಎಂದ. ಹೊಸ ಭಾಗಕ್ಕೆ ದುಡ್ಡು ಕೊಡುವ ಮೊದಲು ಮನೆಯ ಸೊಸೆ ಒಂದು ವಿಷಯ ಗಮನಿಸಿದ್ದಳು. “ಅತ್ತೆ, ಚಪಾತಿ ಮಾಡಿದ ದಿನವೇ ಹೀಗಾಗುತ್ತಲ್ಲ?” ಚಪಾತಿಯ ದಿನ ಹಿಟ್ಟು ಕಲಸಿದ ಪರಾತ ಬರುತ್ತದೆ. ಅಗಲವಾದ ಆ ಪರಾತಕ್ಕೆ ಹಿಂದೆ ಜಾಗ ಸಾಲದೆ ಬುಟ್ಟಿಯ ಮುಂಭಾಗದಲ್ಲಿ, ಗೂಡಿಗೆ ನೇರ ಎದುರಾಗಿ ನಿಲ್ಲಿಸುತ್ತಿದ್ದರು. ಅದನ್ನು ಹಿಂಬದಿಯ ಮೂಲೆಗೆ ಸರಿಸಿ, ಮುಂದೆ ಲೋಟ ಬಟ್ಟಲು ಜೋಡಿಸಿದ ಮೇಲೆ ಚಪಾತಿಯ ದಿನವೂ ಗೂಡು ಖಾಲಿಯಾಗತೊಡಗಿತು. “ಕೆಲವು ದಿನ ಮಾತ್ರ” ಎಂಬುದೇ ಇಲ್ಲಿ ದೊಡ್ಡ ಸುಳಿವು. ಮುರಿದುಹೋದ ಕೊಕ್ಕೆ ವಾರದ ದಿನ ನೋಡಿ ಕೈಕೊಡುವುದಿಲ್ಲ.

ಕೆಲವು ಯಂತ್ರಗಳಲ್ಲಿ ಮುಚ್ಚಳ ಮೇಲೇಳುವುದಿಲ್ಲ, ಬಾಗಿಲಿಗೆ ಅಂಟಿಕೊಂಡೇ ಪಕ್ಕಕ್ಕೆ ಜಾರುತ್ತದೆ. ಅದನ್ನು ಪಾತ್ರೆ ತಡೆಯುವುದು ಅಪರೂಪ. ಆದರೂ ಎದುರಿಗೆ ಗೋಡೆಯಂತೆ ನಿಂತ ಪಾತ್ರೆ, ತಿರುಗುವ ಕೈಗಳು ಚಿಮ್ಮಿಸುವ ನೀರು ಗೂಡನ್ನು ತಲುಪದಂತೆ ಮಾಡಬಲ್ಲದು. ಕೆಳಗಿನ ಬುಟ್ಟಿ ತುಂಬಿದ ಮೇಲೆ ಆ ಕೈಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡಿದರೆ, ಕೆಳಗೆ ಇಣುಕಿದ ಸೌಟೋ ಜಾಲರಿಯ ಹಿಡಿಯೋ ಅದಕ್ಕೆ ತಗಲುತ್ತಿದ್ದರೆ ಆಗಲೇ ತಿಳಿಯುತ್ತದೆ.

ಪಾತ್ರೆಯದಲ್ಲ, ಯಂತ್ರದ್ದೇ ದೋಷ ಎಂದು ಖಚಿತಪಡಿಸಿಕೊಳ್ಳಲು ಬುಟ್ಟಿ ಖಾಲಿ ಬಿಟ್ಟು ಬರೀ ಟ್ಯಾಬ್ಲೆಟ್ ಹಾಕಿ ಒಮ್ಮೆ ಓಡಿಸಬೇಕು. ಟ್ಯಾಬ್ಲೆಟ್ ಕರಗಿ ಹೋದರೆ ಮುಚ್ಚಳ ನಿರ್ದೋಷಿ. ಉಳಿದರೆ ಮುಚ್ಚಳವನ್ನು ಕೈಯಿಂದ ಪರೀಕ್ಷಿಸುವುದು ಮುಂದಿನ ಕೆಲಸ. ಮುಚ್ಚಿ, ಬಿಡುಗಡೆಯ ಗುಂಡಿ ಒತ್ತಿ: ಅದು ಪಟ್ಟನೆ ಹಾರಬೇಕು. ಹಿಂಜರಿದು, ಅಂಟಂಟಾಗಿ ಎದ್ದರೆ ಅಂಚಿನ ರಬ್ಬರಿನ ಮೇಲೆ, ಕೀಲಿನ ಸಂದಿಯಲ್ಲಿ ಹಳೆಯ ಸೋಪು ಗಟ್ಟಿಯಾಗಿ ಕೂತಿದೆ. ಬೆಂಗಳೂರಿನ ಕೊಳವೆಬಾವಿ ನೀರು ಬಳಸುವ ಮನೆಗಳಲ್ಲಿ ಇದರ ಜೊತೆಗೆ ಸುಣ್ಣವೂ ಸೇರಿಕೊಳ್ಳುತ್ತದೆ. ಬಿಸಿನೀರು, ಹಳೆಯ ಟೂತ್‌ಬ್ರಷ್ ಸಾಕು. ಎಣ್ಣೆ ಮಾತ್ರ ಹಾಕಬಾರದು. ಅದು ರಬ್ಬರನ್ನು ಹಾಳುಮಾಡುತ್ತದೆ, ಪುಡಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಟ್ಯಾಬ್ಲೆಟ್ ಇಡುವ ಕೈ ಒದ್ದೆಯಾಗಿದ್ದರೂ ಇದೇ ತೊಂದರೆ. ಟ್ಯಾಬ್ಲೆಟ್ಟಿನ ಸುತ್ತ ತೆಳ್ಳಗೆ ಹೊಳೆಯುವ ಹಾಳೆ ಹಲವು ಕಂಪನಿಗಳದ್ದರಲ್ಲಿ ನೀರಿನಲ್ಲಿ ಕರಗುವಂಥದ್ದು, ಬಿಚ್ಚಬಾರದು. ಹನಿ ನೀರು ತಾಗಿದರೂ ಅದು ಲೋಳೆಯಾಗಿ ಗೂಡಿಗೆ ಅಂಟಿಕೊಳ್ಳುತ್ತದೆ. ಹಿಂದಿನ ಸಲದ ನೀರು ಗೂಡಿನಲ್ಲಿ ನಿಂತಿದ್ದರೆ ಒರೆಸಿಯೇ ಇಡಬೇಕು. ಮತ್ತೆ, ಟ್ಯಾಬ್ಲೆಟ್ ಗೂಡಿನೊಳಗೆ ಅಡ್ಡ ಮಲಗಬೇಕು. ನಿಲ್ಲಿಸಿ ಮುಚ್ಚಳವನ್ನು ಒತ್ತಿ ಕೂರಿಸಿದರೆ ಅದು ಒಳಗೇ ಸಿಕ್ಕಿಕೊಳ್ಳುತ್ತದೆ.

ಕೈಯಿಂದ ಒತ್ತಿದಾಗ ಚೆನ್ನಾಗಿಯೇ ಹಾರುವ ಮುಚ್ಚಳ ತೊಳೆಯುವಾಗ ಮಾತ್ರ ತೆರೆಯದಿದ್ದರೆ ದೋಷ ಕೊಕ್ಕೆಯನ್ನು ಬಿಡಿಸುವ ವಿದ್ಯುತ್ ಭಾಗದಲ್ಲಿದೆ. ಕೆಲವು ಯಂತ್ರಗಳಲ್ಲಿ ಅದೊಂದು ಸೊಲೆನಾಯ್ಡ್. ಕರೆಂಟು ಹರಿದ ಕೂಡಲೇ ಕೊಕ್ಕೆಯನ್ನು ಎಳೆಯುತ್ತದೆ. ಇನ್ನು ಕೆಲವದರಲ್ಲಿ ಮೇಣದ ಮೋಟಾರು: ಒಳಗಿನ ಮೇಣ ಕಾದು ಹಿಗ್ಗಿ ಸಣ್ಣ ಕಡ್ಡಿಯೊಂದನ್ನು ಹೊರಕ್ಕೆ ದೂಡುತ್ತದೆ, ನಿಧಾನವಾಗಿ. ಅನೇಕ ಯಂತ್ರಗಳಲ್ಲಿ ಇದೇ ಭಾಗ ಪಕ್ಕದ ರಿನ್ಸ್ ಏಡ್ ದ್ರವವನ್ನೂ ಬಿಡುಗಡೆ ಮಾಡುತ್ತದೆ. ಹಾಗಾಗಿ ಎಷ್ಟು ವಾರವಾದರೂ ರಿನ್ಸ್ ಏಡ್ ಮಟ್ಟ ಇಳಿಯದಿದ್ದರೆ, ಮುಚ್ಚಳವೂ ಹಾರದಿದ್ದರೆ, ಆ ಭಾಗವೋ ಅದಕ್ಕೆ ಕರೆಂಟು ತರುವ ತಂತಿಯೋ ಸತ್ತಿದೆ ಎಂದುಕೊಳ್ಳಬಹುದು. ಆ ತಂತಿ ಬಾಗಿಲಿನ ಕೀಲಿನ ಬಳಿ ಪ್ರತಿ ಸಲ ಬಾಗಿ ಬಾಗಿ ಕೊನೆಗೊಂದು ದಿನ ಒಳಗೇ ತುಂಡಾಗುವುದುಂಟು. ಇದು ಮೆಕ್ಯಾನಿಕ್ ಮಾಡುವ ಕೆಲಸ. ಆದರೆ ಹೊಸ ಡಿಸ್ಪೆನ್ಸರ್ ಹಾಕುವ ಮುನ್ನ ತಂತಿಯನ್ನು ಮೀಟರಿನಲ್ಲಿ ನೋಡಿ ಎಂದು ಕೇಳುವ ಹಕ್ಕು ನಿಮಗಿದೆ. ತಂತಿ ತುಂಡಾಗಿದ್ದರೆ ಹೊಸ ಡಿಸ್ಪೆನ್ಸರೂ ತೆರೆಯುವುದಿಲ್ಲ.

ರಿಪೇರಿಯಾಗುವ ತನಕ ಟ್ಯಾಬ್ಲೆಟ್ಟನ್ನು ನೇರವಾಗಿ ಯಂತ್ರದ ತಳಕ್ಕೆ ಹಾಕಿ ಓಡಿಸುವವರಿದ್ದಾರೆ. ಮೊದಲ ತಣ್ಣೀರಿನ ಸುತ್ತು ಇಲ್ಲದ ಪ್ರೋಗ್ರಾಮ್ ಆರಿಸಿಕೊಂಡರೆ ಇದು ನಡೆಯುತ್ತದೆ. ಆ ಸುತ್ತು ಇರುವ ಪ್ರೋಗ್ರಾಮಿನಲ್ಲಿ ಹಾಕಿದರೆ, ಟ್ಯಾಬ್ಲೆಟ್ಟಿನ ಒಂದಷ್ಟು ಭಾಗ ಮೊದಲ ನೀರಿನ ಜೊತೆಗೇ ಮೋರಿ ಸೇರುತ್ತದೆ.